ಕೊಕ್ಕೆಗೆ ತೂಗಿದ ಉಡಿ

ಆ ದಿನ ರೈಲಿನಲ್ಲಿ ನನ್ನ ಹೆಂಡತಿ ಎಲ್ಲಾ ಸಾಮಾನನ್ನು ಸೀಟಿನ ಕೆಳಗೆ ಇಟ್ಟಳು. ಟ್ರಂಕು, ರೊಟ್ಟಿಯ ಗಂಟು, ಅವಳ ತಮ್ಮ ಕೊಟ್ಟ ಮಿಕ್ಸರ್‌ನ ಡಬ್ಬ, ನನ್ನ ಚಪ್ಪಲಿ. ಉಡಿಯ ಗಂಟನ್ನು ಮಾತ್ರ ಇಡಲಿಲ್ಲ. ತವರಿನಲ್ಲಿ ಅವ್ವ ತುಂಬಿದ ಉಡಿ ಅದು. ಐದು ಬೊಗಸೆ ಅರಿಶಿನ ಹಚ್ಚಿದ ಅಕ್ಕಿ, ಒಣಕೊಬ್ಬರಿ, ಅಡಿಕೆ, ಅರಿಶಿನ ಕೊಂಬು, ಮೇಲೊಂದು ಹಸಿರು ಕುಪ್ಪಸದ ಖಣ. ಜನ ಕಾಲಿಡುವ ಜಾಗದಲ್ಲಿ ಉಡಿ ಇಡಬಾರದು ಅಂತ ಅವಳು ಅದನ್ನು ಕಿಟಕಿ ಪಕ್ಕದ ಕೊಕ್ಕೆಗೆ ತೂಗುಹಾಕಿದಳು. ಸಂಜೆ ಮುಂಬೈ ಬಿಟ್ಟ ಮೇಲೆ ಮೇಲಿನ ಬರ್ತಿನವನು ಅದೇ ಕೊಕ್ಕೆಗೆ ತನ್ನ ಅಂಗಿ ನೇತುಹಾಕಿ ಮಲಗಿದ. ಉಡಿ ಅಂಗಿಯ ಮರೆಗೆ ಹೋಯಿತು.

ನನ್ನ ಅತ್ತೆಯದು ಮೊಗುಡಂಪಲ್ಲಿ ಕಡೆಯ ಊರು. ಮಾವ ಇದ್ದಾಗಲೇ ಆ ಮನೆಯವರೆಲ್ಲ ಕಟ್ಟಡದ ಕೆಲಸಕ್ಕೆ ಮುಂಬೈಗೆ ಹೋಗಿ ಅಲ್ಲೇ ನಿಂತರು. ನಾನು ನಾರಾಯಣಖೇಡದ ಹತ್ತಿರದ ಹಳ್ಳಿಯವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ತಾಂಡೂರಿಗೆ ಬಂದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮಷಿನ್ ಮೇಲೆ ನಿಂತೆ. ಕಲ್ಲು ಕೊಯ್ಯುವ ನೀರಿನಲ್ಲಿ ಕೈ ಬಿಳುಚಿಕೊಂಡು ಬಿರಿದು, ಬಿರಿದದ್ದು ಕೂಡಿ, ಕೊನೆಗೆ ನನ್ನದೇ ಒಂದು ಮಷಿನ್ ಹಾಕಿದೆ. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ ನಾನು. ಇದನ್ನು ಯಾಕೆ ಹೇಳುತ್ತೇನೆಂದರೆ, ಆ ವಾರ ನಾನು ಎಷ್ಟು ಮಂದಿಯ ಮುಂದೆ ನಿಲ್ಲಬೇಕಾಯಿತು ಅಂತ ಗೊತ್ತಾಗಲಿ ಎಂದು.

ತೆಲಂಗಾಣ ಬೇಕೆಂಬ ಹೋರಾಟ ಜೋರಾಗಿದ್ದ ಕಾಲ. ಬೆಳಗಾಗುವುದರಲ್ಲಿ ರೈಲು ಸೇಡಂನಲ್ಲಿ ನಿಂತುಬಿಟ್ಟಿತು. ಮುಂದೆ ತಾಂಡೂರಿನಲ್ಲಿ ಜನ ಹಳಿ ಮೇಲೆ ಕೂತಿದ್ದಾರೆ, ಯಾವಾಗ ಬಿಡುತ್ತಾರೋ ಗೊತ್ತಿಲ್ಲ ಎಂದರು. ಹೊರಗೆ ಜೀಪಿನವರು "ತಾಂಡೂರ, ತಾಂಡೂರ" ಎಂದು ಕೂಗುತ್ತಿದ್ದರು. ಜನ ಕಿಟಕಿಯಿಂದ ಗಂಟು ಎಸೆದು ಇಳಿಯುತ್ತಿದ್ದರು. ನಾನು ಸೀಟಿನ ಕೆಳಗೆ ಬಗ್ಗಿ ಎಲ್ಲವನ್ನೂ ಎಳೆದೆ. ಅವಳೂ ಬಗ್ಗಿ ಎರಡು ಸಲ ಕೈಯಾಡಿಸಿ, "ಏನೂ ಉಳಿದಿಲ್ಲ, ನಡೀರಿ" ಅಂದಳು. ಇಳಿದೆವು. ಮೇಲಿನ ಬರ್ತಿನವನು ಇನ್ನೂ ಗೊರಕೆ ಹೊಡೆಯುತ್ತಿದ್ದ. ಅವನ ಅಂಗಿ ಕೊಕ್ಕೆಯ ಮೇಲೇ ಇತ್ತು.

ಮನೆಗೆ ಬಂದು ಸಾಮಾನು ಬಿಚ್ಚುವಾಗ ಅವಳು ಗಂಟುಗಳನ್ನು ಎರಡು ಸಲ ಎಣಿಸಿದಳು.

"ಉಡಿ ಬಿಟ್ಟ ಬಂದೀನ್ರಿ."

"ಅಕ್ಕಿ ತಾನೆ. ಇಲ್ಲಿ ಅಕ್ಕಿ ಸಿಗಂಗಿಲ್ಲೇನು?"

"ನಿಮಗ ಕಲ್ಲ ಬಿಟ್ಟರ ಏನ ತಿಳಿತದ" ಅಂದಳು. ಅಷ್ಟೇ ಅಂದು ಒಲೆ ಹಚ್ಚಲು ಎದ್ದಳು.

ಮರುದಿನ ಬೆಳಿಗ್ಗೆ ಅತ್ತೆಯ ಫೋನು ಬಂತು. ಮನೆಯ ಫೋನಿನಿಂದಲ್ಲ, ಓಣಿಯ ತುದಿಯ ಕಾಯಿನ್ ಡಬ್ಬಿಯಿಂದ. ಮುದುಕಿ ಅಷ್ಟು ದೂರ ನಡೆದು ಬಂದು ಮಾಡಿದ್ದಾಳೆಂದರೆ ಸೊಸೆಯಂದಿರ ಕಿವಿಗೆ ಬೀಳಬಾರದ ಮಾತು ಇರಬೇಕು. ನಾನು ಪಕ್ಕದಲ್ಲೇ ನಿಂತಿದ್ದೆ, ಅತ್ತೆಯ ದನಿ ನನಗೂ ಕೇಳುತ್ತಿತ್ತು.

"ಉಡಿ ಅಕ್ಕಿ ಬೇಯಿಸಿದ್ಯೇನವ್ವ?"

"ಇನ್ನಾ ಇಲ್ಲವ್ವ."

"ಚಲೋ ಆತು. ಮಂದಿ ಕೈಲೆ ಆರಿಸಬ್ಯಾಡ, ನೀನೇ ಆರಿಸು. ನನ್ನ ಮುತ್ತಿನ ಸರ ಅದರಾಗ ಅದ. ಎದುರಿಗೆ ಕೊಟ್ಟಿದ್ರ ಇಲ್ಲಿ ಮನಿ ಒಡೀತಿತ್ತು. ಅಕ್ಕಿ ಬುಡಕ ಇಟ್ಟೀನಿ, ನಿನಗೂ ಹೇಳಲಿಲ್ಲ. ಹೇಳಿದ್ರ ನೀ ಬ್ಯಾಡ ಅಂತಿದ್ದಿ."

ಇವಳ ಮುಖ ನೋಡಿದೆ. ತುಟಿ ಬೆಳ್ಳಗಾಗಿತ್ತು. ಆದರೆ ದನಿ ನೆಟ್ಟಗಿತ್ತು.

"ಆತವ್ವ. ನಾನೇ ಆರಿಸ್ತೀನಿ" ಅಂದು ಫೋನು ಇಟ್ಟಳು.

ಆ ಸರವನ್ನು ನಾನು ಮದುವೆಯಲ್ಲಿ ನೋಡಿದ್ದೆ. ಮೂರೆಳೆಯದು. ದುಂಡು ಮುತ್ತಲ್ಲ, ಅಕ್ಕಿ ಕಾಳಿನಂತೆ ಉದ್ದುದ್ದ ಸಣ್ಣ ಮುತ್ತುಗಳು. ಮಾವ ಹೈದರಾಬಾದಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದಾಗ ಬಿಡಿ ಮುತ್ತು ತಂದು, ಜಹೀರಾಬಾದಿನಲ್ಲಿ ಒಡವೆ ಪೋಣಿಸುವ ಪಟವೆಗಾರನ ಕೈಯಲ್ಲಿ ಸರ ಮಾಡಿಸಿದ್ದ. ಅತ್ತೆಯ ಉಳಿದ ಒಡವೆಯೆಲ್ಲ ಮಕ್ಕಳ ಮದುವೆಗೆ, ಮುಂಬೈಯಲ್ಲಿ ಇರಲು ಒಂದು ಖೋಲಿ ಕೊಳ್ಳಲು ಹೋಗಿತ್ತು. ಇದೊಂದು ಉಳಿದಿತ್ತು. ಯಾವಾಗಲೂ ಅಕ್ಕಿ ಡಬ್ಬಿಯಲ್ಲೇ ಇಡುತ್ತಿದ್ದಳು. ಅಕ್ಕಿಯಲ್ಲಿಟ್ಟರೆ ಮುತ್ತಿನ ನೀರು, ಅಂದರೆ ಹೊಳಪು, ಹೋಗುವುದಿಲ್ಲ ಅಂತ ಅವಳ ನಂಬಿಕೆ. ಕಳ್ಳನಿಗೂ ಕಾಣುವುದಿಲ್ಲ.

"ನಾ ಹೊಸಾದು ತಂದು ಕೊಡ್ತೀನಿ. ನಿಮ್ಮವ್ವಗ ಗೊತ್ತಾಗಂಗಿಲ್ಲ" ಅಂದೆ.

"ನನಗ ಗೊತ್ತಾಗತದಲ್ಲ."

ಅದಾದ ಮೇಲೆ ಮಷಿನ್ ಬಂದ್ ಮಾಡಿ ಅವಳ ಹಿಂದೆ ಸ್ಟೇಷನ್ನಿಗೆ ನಡೆದೆ.

ತಾಂಡೂರು ಸ್ಟೇಷನ್ನಿನಲ್ಲಿ ಆಗ ಕೂತಿದ್ದವರು ವಯಸ್ಸಾದ ಸ್ಟೇಷನ್ ಮಾಸ್ತರರು. ಹಿಂದಿನ ದಿನದ ಗದ್ದಲದಲ್ಲಿ ನಿದ್ದೆಗೆಟ್ಟ ಕಣ್ಣು. ಮೊದಲು ಕೇಳಿದ್ದೇ ಇದು: "ಕಳವಾಗ್ಯಾದೋ, ಬಿಟ್ಟು ಬಂದೀರೋ?"

ಎರಡಕ್ಕೂ ದಾರಿ ಬೇರೆಯಂತೆ. ಕಳವಾದರೆ ರೈಲ್ವೆ ಪೊಲೀಸರಲ್ಲಿ ಕೇಸು ಬರೆಸಬೇಕು. ಅದು ಕರ್ನಾಟಕದ ಹದ್ದಿನಲ್ಲಿ ಆಯಿತೋ ಇಲ್ಲಿಯ ಹದ್ದಿನಲ್ಲಿ ಆಯಿತೋ ಅಂತ ಕಾಗದ ಅಲ್ಲಿಂದ ಇಲ್ಲಿಗೆ ತಿರುಗುತ್ತದೆ. ಬಿಟ್ಟು ಬಂದದ್ದಾದರೆ ಅವರೇ ಮುಂದಿನ ಸ್ಟೇಷನ್ನಿಗೆ ಸುದ್ದಿ ಮುಟ್ಟಿಸುತ್ತಾರೆ. ಅಲ್ಲಿಯವರು ರೈಲಿನ ಡಬ್ಬಿ ನೋಡಿ, ಸಿಕ್ಕ ವಸ್ತುವನ್ನು ಬರೆದುಕೊಂಡು ಇಟ್ಟಿರುತ್ತಾರೆ. ಗುರುತು ಹೇಳಿ, ಟಿಕೆಟ್ ತೋರಿಸಿ, ಸಹಿ ಮಾಡಿ ತರಬೇಕು.

"ಬಿಟ್ಟು ಬಂದೀನ್ರಿ" ಅಂದಳು ಅವಳು.

ಟಿಕೆಟ್ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಮಾಸ್ತರರು ಅದರಲ್ಲಿ ಡಬ್ಬಿ, ಬರ್ತಿನ ಸಂಖ್ಯೆ ನೋಡಿ ಹೈದರಾಬಾದಿಗೆ ಫೋನು ಹಚ್ಚಿದರು. ನಾವು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಆ ಕಲ್ಲು ತಾಂಡೂರಿನದೇ, ಕೊಯ್ದವನು ಓರೆಯಾಗಿ ಕೊಯ್ದಿದ್ದ. ಮಧ್ಯಾಹ್ನದ ಹೊತ್ತಿಗೆ ಕರೆದರು.

"ಬರ್ತಿನ ಬುಡಕ ಏನೂ ಸಿಕ್ಕಿಲ್ಲವಂತ. ಡಬ್ಬಿ ತೊಳೆದು, ಗಾಡಿ ವಾಪಸ್ ಮುಂಬೈಗೆ ಹೋಗ್ಯಾದ."

"ಬುಡಕ ನೋಡಿದ್ರ ಹ್ಯಾಂಗ ಸಿಗತದರಿ?" ಇವಳು ಮೇಜಿನ ಹತ್ತಿರ ಬಂದಳು. "ಉಡಿ ಯಾರರ ಬುಡಕ ಇಡ್ತಾರೇನರಿ? ನಾ ಮ್ಯಾಲ ಕೊಕ್ಕಿಗೆ ತೂಗ ಹಾಕಿದ್ದೆ."

ಮಾಸ್ತರರು ಕನ್ನಡಕ ತೆಗೆದರು. "ಉಡಿ ಅಂದ್ರ ಅಕ್ಕಿ?"

"ಅಕ್ಕಿನೇ. ಅದರಾಗ ನಮ್ಮವ್ವನ ಮುತ್ತಿನ ಸರ ಅದ."

ಅವರು ಕುರ್ಚಿ ತೋರಿಸಿ ಅವಳನ್ನು ಕೂರಿಸಿದರು. ಆಮೇಲೆ ಹೇಳಿದ್ದು ಹೀಗೆ. ಗಾಡಿ ಕೊನೆಯ ಸ್ಟೇಷನ್ ಮುಟ್ಟಿದ ಮೇಲೆ ಅದನ್ನು ತೊಳೆಯುವ ಯಾರ್ಡಿಗೆ ಒಯ್ಯುತ್ತಾರೆ. ಅಲ್ಲಿ ಕಸಗುಡಿಸುವ ಹೆಣ್ಣುಮಕ್ಕಳು ಒಂದೊಂದೇ ಡಬ್ಬಿ ಹತ್ತುತ್ತಾರೆ. ಚೀಲ, ಫೋನು ಸಿಕ್ಕರೆ ಸೂಪರ್‌ವೈಸರನಿಗೆ ಕೊಡುತ್ತಾರೆ, ಅದು ಕಳೆದ ವಸ್ತುಗಳ ಕೋಣೆಗೆ ಹೋಗುತ್ತದೆ. ತಿನ್ನುವ ಪದಾರ್ಥವನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ, ಕೊಳೆಯುತ್ತದೆ, ಇಲಿ ಬರುತ್ತವೆ. ಅದು ನೇರ ಕಸದ ಚೀಲಕ್ಕೆ. ಹಾಗಾಗಿ ಗಂಟು ಒಂದೋ ಕೊಕ್ಕೆಯಲ್ಲೇ ಮುಂಬೈಗೆ ಹೋಗಿದೆ, ಇಲ್ಲವೇ ಕಸಕ್ಕೆ ಹೋಗಿದೆ.

"ಇಲ್ಲಾಂದ್ರ ಯಾರರ ತೆಗೆದಿಟ್ಟಿರಬೇಕು. ಖುದ್ದ ಹೋಗಿ ಕೇಳಬೇಕವ್ವ. ಫೋನಿನಾಗ ಇದು ಆಗೂ ಮಾತಲ್ಲ" ಎಂದರು. ಒಂದು ಮಾತು ಹೆಚ್ಚಿಗೆ ತಿಳಿಸಿದರು: ಟಿಕೆಟ್ ಮೇಲಿನ ಡಬ್ಬಿ ಸಂಖ್ಯೆ ಆ ದಿನ ಡಬ್ಬಿ ನಿಂತ ಜಾಗದ್ದು ಮಾತ್ರ. ಪ್ರತಿ ಡಬ್ಬಿಯ ಮೈಮೇಲೆ ಅದರದ್ದೇ ನಂಬರು ಬೇರೆ ಬರೆದಿರುತ್ತದೆ. ಯಾರ್ಡಿನವರಿಗೆ ಈ ಟಿಕೆಟ್ ತೋರಿಸಿದರೆ ಅಂದು ಆ ಜಾಗದಲ್ಲಿ ಯಾವ ಡಬ್ಬಿ ಇತ್ತು, ಅದನ್ನು ಯಾವ ಗುಂಪು ತೊಳೆಯಿತು ಎಂದು ತೆಗೆದು ಹೇಳುತ್ತಾರೆ.

ಬಸ್ಸುಗಳು ನಿಂತಿದ್ದವು. ರೈಲು ಎಂದು ಬರುತ್ತದೋ ಹೇಳುವವರಿಲ್ಲ. ಮರುದಿನ ನಸುಕಿನಲ್ಲಿ ನಮ್ಮ ಕಲ್ಲು ಒಯ್ಯುವ ಲಾರಿಯಲ್ಲಿ ಹೈದರಾಬಾದಿಗೆ ಹೊರಟೆವು. ಡ್ರೈವರ ನನಗಿಂತ ಹಿರಿಯ, ಇವಳಿಗೆ "ತಂಗಿ" ಅನ್ನುತ್ತಿದ್ದ. ದಾರಿಯಲ್ಲಿ ಒಂದು ಊರಿನ ಮುಂದೆ ರಸ್ತೆಗೆ ಅಡ್ಡ ಒಲೆ ಹೂಡಿದ್ದರು. ದೊಡ್ಡ ದೊಡ್ಡ ಬೋಗುಣಿಯಲ್ಲಿ ಅನ್ನ ಬೇಯುತ್ತಿತ್ತು. ಹೋರಾಟದ ಅಡುಗೆ, ರಸ್ತೆ ಮೇಲೇ ಮಾಡಿ ರಸ್ತೆ ಮೇಲೇ ಉಣ್ಣುವುದು. ಉಂಡ ಹೊರತು ಲಾರಿ ಬಿಡುವುದಿಲ್ಲ ಎಂದರು. ಕೂತು ಉಂಡೆವು. ಇವಳು ಎಲೆಯ ಅನ್ನವನ್ನು ಬೆರಳಿನಿಂದ ಹರವಿ ನೋಡುತ್ತಿದ್ದಳು.

"ಏನ ಹುಡುಕ್ತಿ ತಂಗಿ, ಕಲ್ಲು ಸಿಕ್ಕತೇನು?" ಎಂದ ಡ್ರೈವರ. "ನಿನ್ನ ಗಂಡ ಕಲ್ಲ ಕೊಯ್ದು ಕೊಯ್ದು ನಿನಗೂ ಅದೇ ಚಿಂತಿ ಹತ್ತೇದ."

ಮೂರು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಯಾರ್ಡಿನ ಒಳಗೆ ಹೊರಗಿನವರನ್ನು ಬಿಡುವುದಿಲ್ಲ. ಗೇಟಿನ ಕಾವಲುಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿ "ಜಾವ್, ಜಾವ್" ಅಂದ. ನಾನು ಅವನ ಕಡೆಗೆ ಎರಡು ಹೆಜ್ಜೆ ಹಾಕಿದೆ. ಇವಳು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದು, ಬೇವಿನ ಗಿಡದ ಕೆಳಗೆ ನಿಲ್ಲಿಸಿದಳು. "ನೀವು ಸುಮ್ನ ಇರ್ರಿ. ಹೆಣ್ಣಮಕ್ಕಳು ಹೊರಗ ಬರಲಿ."

ಪಾಳಿ ಬಿಟ್ಟಾಗ ಅವರು ಬಂದರು. ನೀಲಿ ಕೋಟು, ತಲೆಗೆ ಬಟ್ಟೆ, ಪೊರಕೆಯ ಕೈ ಇನ್ನೂ ಒದ್ದೆ. ಎಲ್ಲರೂ ತೆಲುಗಿನವರು. ಇವಳ ತೆಲುಗು ತರಕಾರಿ ಕೊಳ್ಳುವಷ್ಟು ಮಾತ್ರ. ಆದರೂ ಒಬ್ಬೊಬ್ಬರನ್ನೇ ತಡೆದು, ಸೆರಗನ್ನು ಗಂಟಿನಂತೆ ಹಿಡಿದು ತೋರಿಸಿ ಕೇಳಿದಳು, "ಒಡಿಬಿಯ್ಯಂ, ಅಕ್ಕಾ. ನಾ ಒಡಿಬಿಯ್ಯಂ ರೈಲ್ಲೋ ಪೋಯಿಂದಿ." ಉಡಿಯ ಅಕ್ಕಿಗೆ ಆ ಕಡೆಯವರು ಒಡಿಬಿಯ್ಯಂ ಅನ್ನುತ್ತಾರೆ, ಅದು ರೈಲಿನಲ್ಲಿ ಹೋಯಿತು ಅಂತ ಇವಳು ಹೇಳುತ್ತಿದ್ದದ್ದು.

ಹಲವರು ತಲೆಯಾಡಿಸಿ ಹೋದರು. ಕೊನೆಗೆ ಬಂದ ಒಬ್ಬ ಹೆಂಗಸು, ಐವತ್ತರ ಆಚೆಯವಳು, ನಿಂತಳು. ಇವಳನ್ನು ದಿಟ್ಟಿಸಿದಳು.

"ಖಣ ಯಾವ ಬಣ್ಣ?" ತೆಲುಗಿನಲ್ಲಿ ಕೇಳಿದಳು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಇವಳಿಗೆ ಹೇಳಿದೆ.

"ಹಸಿರು" ಅಂದಳು ಇವಳು.

"ನೀದೇನಾ ಬಿಡ್ಡಾ", ನಿನ್ನದೇನಾ ಮಗಳೇ, ಎಂದು ಆ ಹೆಂಗಸು ಇವಳ ಗಲ್ಲ ಮುಟ್ಟಿದಳು.

ಆಮೇಲೆ ಅವಳು ಹೇಳಿದ್ದನ್ನು ನಾನು ಕನ್ನಡದಲ್ಲಿ ತಿರುಗಿಸಿ ಇವಳಿಗೆ ಹೇಳುತ್ತ ಹೋದೆ. ಕೊಕ್ಕೆಯಲ್ಲಿ ಗಂಟು ಕಂಡು ಇಳಿಸಿದಳಂತೆ. ಬಾಯಿ ಸಡಿಲಿಸಿದರೆ ಹಳದಿ ಅಕ್ಕಿ, ಕೊಬ್ಬರಿ, ಖಣ. ಇನ್ನೊಬ್ಬಳು ಕಸದ ಚೀಲ ಹಿಡಿದು "ಹಾಕು" ಅಂದಳಂತೆ. ಹಾಕಲು ಕೈ ಬರಲಿಲ್ಲ. ಯಾರದೋ ತಾಯಿ ಮಗಳ ಉಡಿಗೆ ತುಂಬಿದ ಅಕ್ಕಿ. ಮಗಳ ಮನೆಯವರಲ್ಲದೆ ಬೇರೆಯವರು ಉಣ್ಣುವಂತಿಲ್ಲ, ಚೆಲ್ಲುವಂತಿಲ್ಲ. ತಮ್ಮ ಸೀರೆ ಬದಲಿಸುವ ಕೋಣೆಯ ಗೂಟಕ್ಕೆ ತೂಗುಹಾಕಿದಳು. ಶುಕ್ರವಾರದವರೆಗೆ ಯಾರೂ ಬರದಿದ್ದರೆ ಅಮ್ಮನ ಗುಡಿಯ ಬೇವಿನ ಬುಡದಲ್ಲಿ ಇಟ್ಟು ಬರಬೇಕೆಂದಿದ್ದಳು. ನಾವು ಹೋದದ್ದು ಗುರುವಾರ.

"ತಂದು ಕೊಡುತ್ತೇನೆ, ಇರಿ" ಎಂದು ಒಳಗೆ ತಿರುಗಿದಳು.

ನಾನು ಇವಳ ಕಿವಿಯಲ್ಲಿ ಹೇಳಿದೆ, "ಸುಮ್ನ ಇಸ್ಕೊಂಡು ನಡಿ. ಸರದ ಮಾತು ತೆಗೀಬ್ಯಾಡ. ತೆಗೆದ್ರ ಪೊಲೀಸು, ಕಾಗದ, ಈ ಹೆಣ್ಣಮಗಳಿಗೂ ತ್ರಾಸು."

ಇವಳು ಯೋಚಿಸಿದಳು. "ಮನಿಗೆ ಹೋಗಿ ಬಿಚ್ಚಿದಾಗ ಅದರಾಗ ಸರ ಇರಲಿಲ್ಲಂದ್ರ? ಸಾಯೋತನಕ ನಾ ಈಕಿನ್ನ ಕಳ್ಳಿ ಅಂತೀನಿ. ಈಕಿ ಮುಟ್ಟೇ ಇರಂಗಿಲ್ಲ. ಬ್ಯಾಡ್ರಿ. ಆಕಿ ಎದುರಿಗೇ ಬಿಚ್ಚೋಣ."

ಗಂಟು ಹಿಡಿದು ಬಂದ ಆ ಹೆಂಗಸಿಗೆ ಹೇಳಿದೆವು. ಮುತ್ತು ಅಂದ ಕೂಡಲೇ ಅವಳ ಮುಖ ಇಳಿಯಿತು. ಗುತ್ತಿಗೆಯ ಕೆಲಸ ಅವಳದು. ಬೆಲೆಬಾಳುವ ವಸ್ತುವನ್ನು ಒಪ್ಪಿಸದೆ ಎರಡು ದಿನ ಇಟ್ಟುಕೊಂಡಳು ಅಂತ ಆದರೆ ಮರುದಿನದಿಂದ ಗೇಟಿನ ಹೊರಗೆ. ಗಂಟನ್ನು ಎದೆಗೆ ಒತ್ತಿ ಹಿಡಿದು, ತಾನೇ ಹೋಗಿ ಸೂಪರ್‌ವೈಸರನನ್ನು ಕರೆತಂದಳು.

ಅವನು ತರುಣ, ಹಿಂದಿ ಮಾತಾಡುವವನು. ನನ್ನ ಟಿಕೆಟ್ ಇಸಿದುಕೊಂಡು ಒಳಗೆ ಹೋಗಿ, ಅಂದು ಆ ಜಾಗದಲ್ಲಿ ನಿಂತ ಡಬ್ಬಿ ಯಾವುದು, ತೊಳೆದವರು ಯಾರು ಎಂದು ತಾಳೆ ನೋಡಿ ಬಂದ. ಸರಿಹೋಯಿತು. ನಮ್ಮೆಲ್ಲರನ್ನು ಸ್ಟೇಷನ್ನಿನ ಪೊಲೀಸ್ ಚೌಕಿಗೆ ಕರೆದೊಯ್ದ.

ಚೌಕಿಯ ಜಮಾದಾರ ಗಂಟನ್ನು ತನ್ನ ಮುಂದಿಟ್ಟುಕೊಂಡು, ಬಿಚ್ಚುವ ಮೊದಲು ಗುರುತು ಕೇಳಿದ. ಇವಳು ಅಕ್ಕಿಯಿಂದ ಹಿಡಿದು ಅಡಿಕೆಯವರೆಗೆ ಹೇಳಿದಳು.

"ಸರದ ಗುರುತು?"

"ಮೂರೆಳಿ. ಅಕ್ಕಿ ಕಾಳಿನಂಗ ಮುತ್ತು. ಕೊಂಡಿ ಬೆಳ್ಳಿದು. ಕೊಂಡಿಯ ಒಂದು ಉಂಗುರ ಮುರಿದು ನಮ್ಮಪ್ಪ ತಾಮ್ರದ ತಂತಿ ಸುತ್ಯಾನ."

ಜಮಾದಾರ ಗಂಟು ಬಿಚ್ಚಿದ. ಕೊಬ್ಬರಿ, ಖಣ, ಅಡಿಕೆ, ಅರಿಶಿನ ಕೊಂಬು ಬದಿಗಿಟ್ಟ. ಉಳಿದದ್ದು ಬರೀ ಹಳದಿ ಅಕ್ಕಿ. ನಮಗೆ ಯಾರಿಗೂ ಏನೂ ಕಾಣಲಿಲ್ಲ. ಕಸಗುಡಿಸುವ ಹೆಂಗಸು ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದಳು.

"ನಾ ನೋಡ್ಲೇನ್ರಿ?" ಎಂದು ಇವಳು ಅಕ್ಕಿಯೊಳಗೆ ಕೈ ಇಳಿಸಿದಳು. ತಳದಲ್ಲಿ ಏನೋ ಬೆರಳಿಗೆ ಸಿಕ್ಕಿತು. ಮೆಲ್ಲಗೆ ಎತ್ತಿದಳು. ಹಳದಿ ಅಕ್ಕಿಯಿಂದ ಹಳದಿ ಸರ ಹಾವಿನಂತೆ ಮೇಲೆ ಬಂತು. ಅತ್ತೆಯ ಕೊರಳ ಬೆವರು ಕುಡಿದು ಕುಡಿದು ಹಳತಾದ ದಾರ. ಪೂರ್ತಿ ಹೊರಗೆ ಬರುವ ಮೊದಲೇ ಅದು ಹರಿಯಿತು. ನೋಡನೋಡುತ್ತಿದ್ದಂತೆ ಮುತ್ತುಗಳು ಜಾರಿ ಮತ್ತೆ ಅಕ್ಕಿಯೊಳಗೆ ಬಿದ್ದವು. ಅವಳ ಕೈಯಲ್ಲಿ ಕೊಂಡಿ ಮಾತ್ರ ಉಳಿಯಿತು. ಅದಕ್ಕೆ ತಾಮ್ರದ ತಂತಿ ಸುತ್ತಿತ್ತು.

ಜಮಾದಾರ ಪೆನ್ನು ಹಿಡಿದು ಕೂತಿದ್ದವನು, "ಈಗ ಸರ ಅಂತ ಬರೆಯಲೋ, ಮುತ್ತು ಅಂತ ಬರೆಯಲೋ?" ಎಂದ.

"ಜರಾ ತಡೀರಿ ಸಾಬ್" ಎಂದು ಇವಳು ನನ್ನ ಹೆಗಲ ಟವೆಲ್ ಎಳೆದುಕೊಂಡು ನೆಲಕ್ಕೆ ಹಾಸಿ, ಅಕ್ಕಿ ಸುರಿದು, ಕಾಲು ಮಡಿಚಿ ಕೂತಳು. ಆ ಹೆಂಗಸು ಏನೂ ಕೇಳದೆ ಎದುರಿಗೆ ಕೂತಳು. ಮನೆಯಲ್ಲಿ ಹಬ್ಬದ ಅಕ್ಕಿ ಆರಿಸುವಂತೆ ಇಬ್ಬರೂ ಹಿಡಿಹಿಡಿಯಾಗಿ ಹರವಿ ಆರಿಸತೊಡಗಿದರು. ಅರಿಶಿನ ಎಲ್ಲಕ್ಕೂ ಮೆತ್ತಿತ್ತು, ಕಣ್ಣಿಗೆ ಎರಡೂ ಒಂದೇ. ಬೆರಳಿಗೆ ಮಾತ್ರ ಬೇರೆ. ಮುತ್ತು ಅಕ್ಕಿಗಿಂತ ತಣ್ಣಗೆ, ತೂಕ ಹೆಚ್ಚು, ನಡುವೆ ತೂತು. ಅನುಮಾನ ಬಂದರೆ ಆ ಹೆಂಗಸು ಹಲ್ಲಿಗೆ ತಿಕ್ಕಿ ನೋಡುತ್ತಿದ್ದಳು. ಮರಳು ತಾಗಿದಂತೆ ಆದರೆ ಮುತ್ತು. ಬಾಯೆಲ್ಲ ಹಳದಿಯಾಯಿತು.

"ನಿಮ್ಮತ್ತಿ ಮನ್ಯಾಗ ಇಷ್ಟ ಸಾವಕಾಶ ಅಕ್ಕಿ ಆರಿಸಿದ್ರ ಬೈಯ್ಯಂಗಿಲ್ಲೇನು ಅಂತ ಕೇಳತಾಳ" ಎಂದೆ ನಾನು, ಅವಳ ತೆಲುಗು ತಿರುಗಿಸಿ.

"ಅತ್ತಿ ಇಲ್ಲ, ಬೈಯಾಕ ಇವರದಾರಲ್ಲ ಅಂತ ಹೇಳ್ರಿ" ಅಂದಳು ಇವಳು, ತಲೆ ಎತ್ತದೆ.

ಕೊನೆಗೆ ಟವೆಲಿನ ಒಂದು ಬದಿಗೆ ಅಕ್ಕಿ, ಒಂದು ಬದಿಗೆ ಮುತ್ತು. ಹರಿದ ದಾರದ ತುಂಡುಗಳ ಮೇಲೆ ಇಟ್ಟು ಅಳೆದು ನೋಡಿದಳು, ಮೂರೆಳೆಗೆ ಸರಿಹೊಂದಿತು. ಜಮಾದಾರ ಬರೆಯುತ್ತಾ ಆ ಹೆಂಗಸಿನ ಕಡೆ ನೋಡಿದ. ಗಂಟು ಸಿಕ್ಕ ದಿನವೇ ಯಾಕೆ ಒಪ್ಪಿಸಲಿಲ್ಲ ಎಂದು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ಸೂಪರ್‌ವೈಸರ ಹೇಳಿದ, "ನನಗೆ ತೋರಿಸಿದ್ದಳು. ಅಕ್ಕಿ ಅಂತ ನಾನೇ ಕೋಣೆಯಲ್ಲಿ ಇಡು ಅಂದೆ. ಹಾಗೇ ಬರೆಯಿರಿ."

ಅವಳು ಅವನ ಮುಖ ನೋಡಿದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ಸಾಕ್ಷಿಯ ಸಹಿ ಹಾಕಿದೆ, ಇವಳು ತನ್ನ ಹೆಸರು ಬರೆದಳು.

ಹೊರಗೆ ಬಂದು ನಾನು ಜೇಬಿಗೆ ಕೈ ಹಾಕಿದೆ. ಆ ಹೆಂಗಸು ನನ್ನ ಕೈಯನ್ನು ಹಾಗೆಯೇ ಹಿಡಿದು ಜೇಬಿಗೆ ಹಿಂದಕ್ಕೆ ಒತ್ತಿದಳು. ನನಗೆ ಅವಳ ಸಿಟ್ಟು ಅರ್ಥವಾಯಿತು, ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಇವಳು ಹಸಿರು ಖಣ ತೆಗೆದು ಅವಳ ಉಡಿಗೆ ಹಾಕಿ, ಒಂದು ಕೊಬ್ಬರಿ ಬಟ್ಟಲು ಇಟ್ಟು, ಕಾಲು ಮುಟ್ಟಿದಳು. ಅದನ್ನು ಅವಳು ಬೇಡವೆನ್ನಲಿಲ್ಲ.

ಮುಂದಿನ ವಾರ ಜಹೀರಾಬಾದಿಗೆ ಹೋದೆವು. ಮೊದಲು ಪೋಣಿಸಿದ ಪಟವೆಗಾರ ತೀರಿಕೊಂಡಿದ್ದ, ಮಗ ಅದೇ ಅಂಗಡಿಯಲ್ಲಿ ಕೂತಿದ್ದ. ರೇಷ್ಮೆ ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹುರಿಮಾಡಿ, ಮೇಣ ಎಳೆದು, ಒಂದೊಂದು ಮುತ್ತಿಗೂ ನಡುವೆ ಗಂಟು ಹಾಕುತ್ತ ಹೋದ.

"ನಮ್ಮಪ್ಪ ಗಂಟ ಹಾಕಿದ್ದಿಲ್ಲ. ಗಂಟ ಇದ್ರ ಹರಿದರೂ ಒಂದೇ ಬೀಳತದ, ಉಳಿದವು ನಿಲ್ತಾವು" ಎಂದ. ಅರಿಶಿನ ತೆಗೆಯಲು ಒದ್ದೆ ಬಟ್ಟೆಯಿಂದ ಒರೆಸಿದ. ಸಾಬೂನಿನ ನೀರಲ್ಲಿ ನೆನೆಯಿಟ್ಟರೆ ಮುತ್ತಿನ ಹೊಳಪು ಹೋಗುತ್ತದಂತೆ. ತೂತಿನ ಹತ್ತಿರ ತುಸು ಹಳದಿ ಉಳಿಯಿತು.

"ಇದನ್ನ ತೆಗೀಲೇನವ್ವ? ಎರಡ ದಿನ ಬಿಟ್ಟ ಹೋಗ್ರಿ."

"ಇರಲಿ ಬಿಡಣ್ಣ" ಅಂದಳು.

ಆ ಸಂಜೆ ಅವಳು ಉಡಿಯ ಅಕ್ಕಿಯಿಂದ ಹುಗ್ಗಿ ಮಾಡಿದಳು. ಉಣ್ಣಲು ಕೂತಾಗ ಅತ್ತೆಯ ಫೋನು, ಈ ಸಲ ಮನೆಯಿಂದಲೇ. ಹಿಂದೆ ಸೊಸೆಯಂದಿರ ಮಾತು, ಪಾತ್ರೆಯ ಸದ್ದು ಕೇಳುತ್ತಿತ್ತು.

"ಉಡಿ ಅಕ್ಕಿ ಬೇಯಿಸಿದ್ಯೇನವ್ವ?"

"ಇವತ್ತ ಬೇಯಿಸೀನವ್ವ. ಹುಗ್ಗಿ ಮಾಡೀನಿ."

"ನೀನೇ ಆರಿಸಿದ್ಯಾ?"

ಇವಳು ಕೊರಳಿಗೆ ಕೈಯೊಯ್ದು ಗಂಟುಗಳ ಮೇಲೆ ಬೆರಳಾಡಿಸಿದಳು. "ನಾನೂ ಆರಿಸೀನಿ, ಇನ್ನೊಬ್ಬಾಕಿ ಅಕ್ಕನೂ ಆರಿಸ್ಯಾಳ. ಒಂದೂ ಬಿಟ್ಟಿಲ್ಲವ್ವ."

"ಯಾವ ಅಕ್ಕ?" ಎಂದಳು ಅತ್ತೆ.

"ನೀ ಊರಿಗೆ ಬಾ, ಹೇಳ್ತೀನಿ" ಅಂದು, ಫೋನು ನನ್ನ ಕೈಗೆ ಕೊಟ್ಟು, ನನ್ನ ತಟ್ಟೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದಳು.